ಬಡ್ಡಿಗೆ ಅಡ್ಡಿ ಸಿಕ್ಕಿದ್ದು

ಪ್ರಶ್ನೆ: ಇಂಗ್ಲಿಷಿನಲ್ಲಿ ಪದದಾಟವಿರುವ ಟ್ಯಾಗ್‌ಲೈನನ್ನು ಹೋರ್ಡಿಂಗಿಗೆಂದು ಕನ್ನಡಕ್ಕೆ ತರಬೇಕಾಗಿದೆ. ಅನುವಾದಿಸಿದರೆ ಮಜಾ ಹೋಗುತ್ತದೆ. ಏನು ಮಾಡುವುದು?

ಶಿವಮೊಗ್ಗದಲ್ಲಿ ಜಾಹೀರಾತು ಬರೆಯುವುದು ನನ್ನ ಕಸುಬು. ನಾನೇ ತಿಣುಕಾಡಿದ ಒಂದು ಉದಾಹರಣೆಯನ್ನು ಬಿಡಿಸಿಡುತ್ತೇನೆ. ಗೃಹಸಾಲ ಕೊಡುವ ಸಂಸ್ಥೆಯೊಂದು ‘ಇಂಟರೆಸ್ಟ್ ದಟ್ ಇಂಟರೆಸ್ಟ್ಸ್ ಯೂ’ ಎಂಬುದನ್ನು ಸಾಗರ ರಸ್ತೆಯ ಬೋರ್ಡಿಗಾಗಿ ಕನ್ನಡಿಸಲು ಕಳುಹಿಸಿತ್ತು. ಇಂಗ್ಲಿಷಿನಲ್ಲಿ ಬಡ್ಡಿಗೂ ಆಸಕ್ತಿಗೂ ಒಂದೇ ಪದವಿರುವುದರಿಂದ ಅಲ್ಲಿ ಕಚಗುಳಿಯಿದೆ. ‘ನಿಮಗೆ ಆಸಕ್ತಿ ಹುಟ್ಟಿಸುವ ಬಡ್ಡಿ’ ಎಂದರೆ ಅದು ಕಚೇರಿಯ ಸುತ್ತೋಲೆಯಂತೆ ಕೇಳಿಸುತ್ತದೆ. ಇಂಥಲ್ಲಿ ಆ ಶ್ಲೇಷೆಯನ್ನು ಕೈಬಿಟ್ಟು, ಅದು ಹೊತ್ತು ತಂದ ಮಾತು ಯಾವುದೆಂದು ಮೊದಲು ಸಾದಾ ಕನ್ನಡದಲ್ಲಿ ಬರೆದುಕೊಳ್ಳಬೇಕು. ನಾನು ಬರೆದುಕೊಂಡದ್ದು ಇಷ್ಟು: ‘ನಮ್ಮ ಬಡ್ಡಿಯ ದರ ಕೇಳಿ ನೀವು ಹಿಂಜರಿಯುವುದಿಲ್ಲ.’

ಮೊದಲು ಹೊಳೆದದ್ದು ‘ಆಸೆಯೊಂದೇ ಸಾಲದು, ಸಾಲವೂ ಬೇಕು’. ಎರಡು ದಿನ ಅದರ ಮೇಲೆ ನನಗೆ ಮೋಹವಿತ್ತು. ಆದರೆ ಅದರಲ್ಲಿ ಬಡ್ಡಿಯ ಸುದ್ದಿಯೇ ಇಲ್ಲದ್ದರಿಂದ ಸಾಲ ಕೊಡುವ ಯಾರ ಬೋರ್ಡಿಗಾದರೂ ಅದು ಒಪ್ಪುತ್ತಿತ್ತು. ಮೇಲಾಗಿ ‘ಸಾಲ’ ಎಂದು ದೊಡ್ಡದಾಗಿ ಬರೆದರೆ ‘ಶೂಲ’ ಎಂಬುದನ್ನು ನಮ್ಮ ಜನ ತಾವೇ ಸೇರಿಸಿಕೊಳ್ಳುತ್ತಾರೆ.

ಕೊನೆಗೆ ನಿಂತದ್ದು ‘ಬಡ್ಡಿ? ಅಡ್ಡಿಲ್ಲ!’ ಮಲೆನಾಡಿನಲ್ಲಿ ‘ಅಡ್ಡಿಲ್ಲ’ ಎಂದರೆ ತಕರಾರಿಲ್ಲ ಎಂದೂ ಹೌದು, ಚೆನ್ನಾಗಿಯೇ ಇದೆ ಎಂದೂ ಹೌದು. ಮೂಲದ ಎರಡು ಅರ್ಥಗಳ ಜಾಗದಲ್ಲಿ ನಮ್ಮವೇ ಎರಡು ಅರ್ಥಗಳು ಬಂದು ಕೂತವು, ಪ್ರಾಸ ಪುಕ್ಕಟೆ.

ತೊಡಕು ಇಲ್ಲಿಂದ ಮುಂದೆ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಬೋರ್ಡು 70 ಮೀಟರ್ ದೂರದಿಂದ ಓದಲು ಸಿಕ್ಕರೆ ಕೈಯಲ್ಲಿರುವುದು ಐದೇ ಸೆಕೆಂಡು. ಅಷ್ಟರಲ್ಲಿ ಒತ್ತಕ್ಷರ ಮಸುಕಾದರೆ ‘ಬಡ್ಡಿ’ ಹೋಗಿ ‘ಬಡಿ’ ಆಗುತ್ತದೆ, ಸಾಲ ಕೊಡುವವರ ಬೋರ್ಡಿನಲ್ಲಿ ಅದು ಬೇರೆಯೇ ಅರ್ಥ ಕೊಡುತ್ತದೆ! ಆದ್ದರಿಂದ ವಿನ್ಯಾಸವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ, ಕೈಚಾಚಿ ಹಿಡಿದು, ವಿಷಯ ಗೊತ್ತಿಲ್ಲದವರಿಂದ ಓದಿಸಿದೆ. ‘ಅಡ್ಡಿ ಇಲ್ಲ’ ಎಂದು ಬಿಡಿಸಿ ಬರೆದಿದ್ದ ಆ ಕರಡನ್ನು ನೋಡಿದ ಒಬ್ಬರು ‘ಬಡ್ಡಿ ಇಲ್ಲವಂತೆ’ ಎಂದುಬಿಟ್ಟರು. ಇದು ನಗುವ ವಿಷಯವಲ್ಲ, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಪದವನ್ನು ಕೂಡಿಸಿ ಬರೆದು, ವಾರ್ಷಿಕ ಬಡ್ಡಿ ದರವನ್ನು ಅದರ ಕೆಳಗೇ ದಪ್ಪ ಅಂಕಿಗಳಲ್ಲಿ ಹಾಕಿಸಿದ ಮೇಲೆ ಯಾರೂ ತಪ್ಪು ಓದಲಿಲ್ಲ.

ಇದೇ ಬೋರ್ಡನ್ನು ಮೈಸೂರಿಗೂ ಹಾಕೋಣವೆಂದು ಸಂಸ್ಥೆಯವರು ಕೇಳಿದಾಗ ನಾನು ಒಪ್ಪಲಿಲ್ಲ. ಆ ಕಡೆಯವರ ಬಾಯಲ್ಲಿ ಇಂಥ ಕಡೆ ಬರುವುದು ‘ಪರವಾಗಿಲ್ಲ’. ಅದನ್ನು ಹಾಕಿದರೆ ಪ್ರಾಸ ಹೋಗುತ್ತದೆ, ‘ಅಡ್ಡಿಲ್ಲ’ವನ್ನೇ ಉಳಿಸಿದರೆ ಎರಡನೆಯ ಅರ್ಥ ಹೋಗುತ್ತದೆ. ಹಾಗಾಗಿ ಮೊದಲು ಬರೆದಿಟ್ಟುಕೊಂಡಿದ್ದ ಆ ಸಾದಾ ವಾಕ್ಯಕ್ಕೇ ಮರಳಿ, ಮತ್ತೆ ಮೊದಲಿನಿಂದ ಹುಡುಕಬೇಕಾಯಿತು.