ಪ್ರೆಸ್ ಅಪಘಾತದ ರಿಪೋರ್ಟ್: 'ಆಪರೇಟರ್ ಅಜಾಗರೂಕತೆ'ಯಲ್ಲಿ ನಿಲ್ಲದ ಹಾಗೆ ಬರೆಯೋದು

ಪ್ರಶ್ನೆ: ನಮ್ಮ ಶಾಪ್‌ನಲ್ಲಿ ಅಪಘಾತ ಆಗಿ, ರೂಟ್ ಕಾಸ್ ಭಾಗ ಬರೆಯೋ ಕೆಲಸ ನನ್ನ ತಲೆಗೆ ಬಂದಿದೆ. 'ಯಾಕೆ, ಯಾಕೆ' ಅಂತ ಕೇಳ್ತಾ ಹೋಗೋ ಫೈವ್ ವೈ ಮಾಡಿದ್ರೆ ಎರಡನೇ ಪ್ರಶ್ನೆಗೇ 'ಆಪರೇಟರ್ ಅಜಾಗರೂಕತೆ' ಅಂತ ಬಂದು ನಿಲ್ಲುತ್ತೆ. ಕಾರಣಗಳನ್ನು ಮೀನಿನ ಮೂಳೆಗಳ ಹಾಗೆ ಬಿಡಿಸೋ ಫಿಶ್‌ಬೋನ್ ಚಿತ್ರ ಕೂಡ ಬೇಕಾ, ಇದೊಂದೇ ಸಾಕಾ?

ಎರಡೂ ಬೇಕು, ಆದರೆ ಮೊದಲು ಫಿಶ್‌ಬೋನ್. ಏಕೆಂದರೆ ಅಪಘಾತ ಒಂದೇ ಸರಪಳಿಯಲ್ಲಿ ಆಗಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ನಡೆದದ್ದನ್ನೇ ಹೇಳ್ತೀನಿ.

63 ಟನ್ ಪವರ್ ಪ್ರೆಸ್, ನ್ಯೂಮ್ಯಾಟಿಕ್ ಕ್ಲಚ್. ಬ್ರಾಕೆಟ್ ಹೊಡೀತಿದ್ದ ಹುಡುಗನ ತೋರುಬೆರಳಿನ ತುದಿ ಡೈ ಒಳಗೆ ಸಿಕ್ಕಿ ಹೋಯ್ತು. ಮೊದಲ ರಿಪೋರ್ಟ್‌ನಲ್ಲಿ ನಾನೂ ನಿಮ್ಮ ಹಾಗೇ ಬರೆದಿದ್ದೆ: ಬೆರಳು ಯಾಕೆ ಸಿಕ್ತು? ಕೈ ಒಳಗೆ ಹಾಕಿದ್ದ. ಯಾಕೆ ಹಾಕಿದ? ಅಜಾಗರೂಕತೆ. ಪರಿಹಾರ: ತರಬೇತಿ. ಪ್ಲಾಂಟ್ ಹೆಡ್ ಓದಿ, "ಕೈ ಒಳಗಿತ್ತು, ಸರಿ. ಪ್ರೆಸ್ ಯಾಕೆ ಕೆಳಗೆ ಬಂತು?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಅಲ್ಲೇ ಇರೋದು ವಿಷಯ. ಕೈ ಒಳಗಿರಬೇಕು, ಅದೇ ಹೊತ್ತಿಗೆ ರಾಮ್, ಅಂದ್ರೆ ಪ್ರೆಸ್‌ನ ಮೇಲಿಂದ ಬಂದು ಹೊಡೆಯೋ ಭಾಗ, ಇಳೀಬೇಕು. ಎರಡೂ ಸೇರಿದರೆ ಮಾತ್ರ ಗಾಯ. ಹಾಗಾಗಿ ಮೊದಲ 'ಯಾಕೆ'ಯಲ್ಲೇ ದಾರಿ ಎರಡಾಗುತ್ತೆ. ಒಂದೇ ಕಾಲಂ ಇರೋ ಫೈವ್ ವೈ ಫಾರ್ಮ್ಯಾಟ್ ತುಂಬಿಸಿದ್ರೆ ಒಂದು ದಾರಿ ಕಾಣೆಯಾಗುತ್ತೆ, ಸಾಮಾನ್ಯವಾಗಿ ಕಾಣೆಯಾಗೋದು ಮೆಷಿನ್ ಕಡೆಯದು.

ಫಿಶ್‌ಬೋನ್ ಬಿಡಿಸುವಾಗ ಮೀನಿನ ತಲೆಯಲ್ಲಿ 'ಸುರಕ್ಷತೆ ಕೊರತೆ' ಅಂತ ಬರೀಬೇಡಿ. ಆದದ್ದನ್ನು ಆದ ಹಾಗೆ ಬರೀರಿ: 'ಡೈ ಒಳಗೆ ಕೈ ಇದ್ದಾಗ ರಾಮ್ ಇಳಿಯಿತು'. ಆಮೇಲೆ ಮನುಷ್ಯ, ಮೆಷಿನ್, ಮೆಟೀರಿಯಲ್, ವಿಧಾನ, ಅಳತೆ, ಪರಿಸರ ಅಂತ ಆರು ಮೂಳೆ. ಎಲ್ಲ ಮೂಳೆಗೂ ಏನಾದರೂ ತುಂಬಲೇಬೇಕು ಅಂತ ಕೂತ್ರೆ ಊಹೆಗಳು ಬಂದು ಕೂತ್ಕೊಳ್ತವೆ. ನಮ್ಮಲ್ಲಿ ಯಾರೋ 'ಬೆಳಕು ಸಾಲದು' ಅಂದರು. ಅದೇ ಶಿಫ್ಟ್‌ನಲ್ಲಿ ಲಕ್ಸ್ ಮೀಟರ್ ಹಿಡಿದು ನೋಡಿದಾಗ ಬೆಳಕು ಸರಿಯಾಗೇ ಇತ್ತು. ಅದನ್ನು ಅಳಿಸಲಿಲ್ಲ, ಅಡ್ಡಗೆರೆ ಎಳೆದು ಪಕ್ಕದಲ್ಲಿ ರೀಡಿಂಗ್ ಬರೆದೆವು. ಪರೀಕ್ಷಿಸಿ ಕೈಬಿಟ್ಟ ಕಾರಣಗಳೂ ರಿಪೋರ್ಟ್‌ನಲ್ಲಿ ಇರಲಿ.

ಉಳಿದ ಎರಡು ಮೂಳೆಗೆ ಮಾತ್ರ ಫೈವ್ ವೈ ಹಾಕಿದೆವು.

ಕೈ ಯಾಕೆ ಒಳಗೆ ಹೋಯ್ತು? ಪೀಸ್ ಪಂಚ್‌ಗೆ ಅಂಟಿಕೊಂಡು ಮೇಲೆ ಹೋಗ್ತಿತ್ತು. ಯಾಕೆ? ಡೈ ಬಿಚ್ಚಿದಾಗ, ಪಂಚ್‌ನಿಂದ ಪೀಸ್ ಬಿಡಿಸೋ ಸ್ಟ್ರಿಪ್ಪರ್‌ನ ನಾಲ್ಕು ಸ್ಪ್ರಿಂಗ್‌ಗಳಲ್ಲಿ ಎರಡು ಮುರಿದಿದ್ದವು. ಮೊದಲೇ ಯಾಕೆ ಬದಲಾಯಿಸಲಿಲ್ಲ? ಡೈ ಟೂಲ್‌ರೂಮ್‌ಗೆ ಹೋಗ್ತಿದ್ದದ್ದು ಕ್ವಾಲಿಟಿಯವರು ಪೀಸ್ ಅಂಚಲ್ಲಿ ಬರ್, ಅಂದ್ರೆ ಚೂಪಾದ ಉಳಿಕೆ, ಬಂದಿದೆ ಅಂತ ದೂರಿದಾಗ ಮಾತ್ರ. ಸ್ಪ್ರಿಂಗ್ ಮುರಿದರೆ ಬರ್ ಬರಬೇಕು ಅಂತೇನಿಲ್ಲ, ಪೀಸ್ ಚೆನ್ನಾಗೇ ಇರುತ್ತೆ. ಇಷ್ಟು ಸ್ಟ್ರೋಕ್ ಆದ ಮೇಲೆ ಸ್ಪ್ರಿಂಗ್ ನೋಡಬೇಕು ಅನ್ನೋ ಸಾಲು ಡೈ ಕಾರ್ಡ್‌ನಲ್ಲೇ ಇರಲಿಲ್ಲ.

ರಾಮ್ ಯಾಕೆ ಇಳೀತು? ಕಾಲು ಪೆಡಲ್ ಮೇಲಿತ್ತು. ಎರಡು ಕೈ ಬಟನ್ ಇದ್ದೂ ಪೆಡಲ್ ಯಾಕೆ? ಸೆಲೆಕ್ಟರ್ ಪೆಡಲ್ ಮೋಡ್‌ನಲ್ಲಿತ್ತು, ಕೀ ಪ್ಯಾನೆಲ್‌ನಲ್ಲೇ ನೇತಾಡ್ತಿತ್ತು. ಯಾಕೆ? ಗಂಟೆಗೆ 450 ಪೀಸ್ ಟಾರ್ಗೆಟ್. ಎರಡು ಕೈ ಬಟನ್‌ನಲ್ಲಿ ನಾವೇ ನಿಂತು ಎಣಿಸಿದಾಗ 320 ದಾಟಲಿಲ್ಲ. ಆ 450 ಎಲ್ಲಿಂದ ಬಂತು? ಸೈಕಲ್ ಟೈಮ್ ತೆಗೆದ ದಿನ ಪೆಡಲ್‌ನಲ್ಲೇ ಓಡಿಸಿದ್ದರು. ನಾಲ್ಕನೇ 'ಯಾಕೆ'ಗೇ ಮುಗೀತು, ಐದು ಆಗಲೇಬೇಕು ಅಂತ ಇಲ್ಲ. ಉತ್ತರ ಕಂಪನಿ ಬದಲಾಯಿಸಬಹುದಾದ ಒಂದು ವ್ಯವಸ್ಥೆಗೆ ಬಂದು ನಿಂತರೆ ಸಾಕು. 'ಮಾರ್ಕೆಟ್‌ನಲ್ಲಿ ಸ್ಪರ್ಧೆ ಜಾಸ್ತಿ' ಅನ್ನೋವರೆಗೆ ಹೋದ್ರೆ ದಾಟಿ ಹೋಗಿದ್ದೀರಿ ಅಂತ.

ಬರೆದ ಮೇಲೆ ಕೆಳಗಿನಿಂದ ಮೇಲಕ್ಕೆ 'ಆದ್ದರಿಂದ' ಸೇರಿಸಿ ಓದಿ. 'ಟಾರ್ಗೆಟ್ ಪೆಡಲ್ ಲೆಕ್ಕದಲ್ಲಿತ್ತು, ಆದ್ದರಿಂದ ಪೆಡಲ್ ಮೋಡ್‌ಗೆ ಹಾಕಿದರು' ನಿಲ್ಲುತ್ತೆ. 'ತರಬೇತಿ ಇರಲಿಲ್ಲ, ಆದ್ದರಿಂದ ಕೈ ಹಾಕಿದ' ನಿಲ್ಲಲಿಲ್ಲ: ತರಬೇತಿ ರಿಜಿಸ್ಟರ್‌ನಲ್ಲಿ ಆ ಹುಡುಗನ ಸಹಿಯೇ ಇತ್ತು.

ಹುಡುಗನನ್ನು ಕೇಳುವಾಗ 'ಯಾಕೆ ಹಾಗೆ ಮಾಡ್ದೆ' ಅನ್ನಬೇಡಿ, ಬಾಯಿ ಮುಚ್ಚಿಕೊಳ್ತಾರೆ. "ಪೀಸ್ ಅಂಟ್ಕೊಂಡ್ರೆ ದಿನಾ ಹೇಗೆ ತೆಗೀತೀರಪ್ಪ?" ಅಂತ ಕೇಳಿದ್ದಕ್ಕೇ, "ಎಲ್ರೂ ಬೆರಳಲ್ಲೇ ಸಾರ್, ಇಕ್ಕಳ ಕಳೆದು ತಿಂಗಳಾಯ್ತು" ಅಂತ ಬಂತು.

ಕೊನೆಗೆ ರೂಟ್ ಕಾಸ್ ಭಾಗದಲ್ಲಿ ಎರಡೇ ವಾಕ್ಯ ಹೋಯ್ತು: 'ಡೈ ನಿರ್ವಹಣೆ ಬರ್ ದೂರಿನ ಮೇಲೆ ಮಾತ್ರ ನಡೆಯುತ್ತಿದ್ದು, ಸ್ಟ್ರಿಪ್ಪರ್ ಸ್ಪ್ರಿಂಗ್ ತಪಾಸಣೆ ಇರಲಿಲ್ಲ. ಉತ್ಪಾದನಾ ಗುರಿಯನ್ನು ಪೆಡಲ್ ಮೋಡ್‌ನ ವೇಗದ ಮೇಲೆ ನಿಗದಿ ಮಾಡಲಾಗಿತ್ತು, ಸೆಲೆಕ್ಟರ್ ಕೀ ಯಾರ ಜವಾಬ್ದಾರಿ ಎಂದು ಗೊತ್ತುಪಡಿಸಿರಲಿಲ್ಲ.' ಮೀಟಿಂಗ್‌ನಲ್ಲಿ ಜಗಳ ಆದದ್ದು 450 ಅನ್ನು 310ಕ್ಕೆ ಇಳಿಸೋ ವಿಷಯಕ್ಕೆ. ಇಳಿಸಿದರು. ಕೀ ಈಗ ಡೈ ಕೂರಿಸೋ ಸೆಟ್ಟರ್ ಜೇಬಲ್ಲಿರುತ್ತೆ.